‘ಇಟ್ ಈಸ್’ ಮತ್ತು ‘ವಾಟ್’

ಮಾತಿನಲ್ಲಿ ಒತ್ತು ಕೊಡಲು ನಮಗೆ ಗಂಟಲಿದೆ. ಕಾಗದದಲ್ಲಿ? ಕನ್ನಡದಲ್ಲಾದರೆ ‘ನಿನ್ನೆಯೇ’ ಎಂದು ಒಂದು ಏಕಾರ ಅಂಟಿಸಿದರೆ ಕೆಲಸ ಮುಗಿಯಿತು. ಇಂಗ್ಲಿಷಿಗೆ ಆ ಅನುಕೂಲವಿಲ್ಲ. ಅದು ವಾಕ್ಯವನ್ನೇ ಎರಡಾಗಿ ಸೀಳಿ, ಮುಖ್ಯವಾದ ತುಂಡನ್ನು ಎತ್ತಿ ತೋರಿಸುತ್ತದೆ. ಹೀಗೆ ಸೀಳಿದ ವಾಕ್ಯಕ್ಕೆ ಡೆನ್ಮಾರ್ಕಿನ ವ್ಯಾಕರಣ ಪಂಡಿತ ಯೆಸ್ಪರ್‌ಸನ್ 1937ರಲ್ಲಿ ‘ಕ್ಲೆಫ್ಟ್’ ಎಂಬ ಹೆಸರನ್ನೇ ಕೊಟ್ಟರು.

ನಮ್ಮ ಮೇಲಿನ ಮಹಡಿಯಲ್ಲಿ ಧಾರವಾಡದ ಹುಡುಗಿಯೊಬ್ಬಳಿದ್ದಾಳೆ. ಜೂನ್ 20ಕ್ಕೆ ಹಣ ಕಟ್ಟಿದಿರಿ, ತಡವಾಯಿತು ಎಂದು ಸೊಸೈಟಿಯವರು ಅವಳಿಗೆ ದಂಡ ಹಾಕಿದ್ದರು. ಕಟ್ಟಿದ್ದು 8ಕ್ಕೆ, ರಸೀದಿಯೂ ಇತ್ತು. “ವೈನಿ, ಇದು ಸರಿ ಅದ ಏನ್ರಿ?” ಎಂದು ಉತ್ತರ ಬರೆದು ತಂದಳು. ‘ವಿ ಪೇಯ್ಡ್ ಆನ್ ಏಯ್ತ್ ಜೂನ್ ಓನ್ಲಿ.’

ಆ ‘ಓನ್ಲಿ’ ನಮ್ಮ ಏಕಾರದ ವೇಷ. ಆದರೆ ಇಂಗ್ಲಿಷ್ ಕಿವಿಗೆ ಅದು ‘8ಕ್ಕೆ ಮಾತ್ರ, ಅದಕ್ಕೆ ಮೊದಲು ಕಟ್ಟಲಿಲ್ಲ’ ಎಂದೂ ಕೇಳಬಹುದು. ನಾವಾಗಿಯೇ ತಡ ಒಪ್ಪಿಕೊಂಡ ಹಾಗೆ! ಅದನ್ನು ಹೊಡೆದುಹಾಕಿ ಹೀಗೆ ಬರೆಸಿದೆ: ‘ಇಟ್ ವಾಸ್ ಆನ್ ದಿ ಏಯ್ತ್, ನಾಟ್ ದಿ ಟ್ವೆಂಟಿಯತ್, ದಟ್ ವಿ ಪೇಯ್ಡ್.’ ತಕರಾರಿರುವುದು ತಾರೀಖಿನ ಮೇಲೆ, ಆದ್ದರಿಂದ ತಾರೀಖು ಮುಂದೆ ಬಂತು.

ಇಲ್ಲೊಂದು ಸೂಕ್ಷ್ಮವಿದೆ. ‘ದಟ್’ ನಂತರ ಬರುವ ಭಾಗ ಇಬ್ಬರಿಗೂ ಒಪ್ಪಿಗೆಯಾದ ವಿಷಯವಾಗಿರಬೇಕು. ಹಣ ಕಟ್ಟಿದ್ದನ್ನು ಸೊಸೈಟಿಯವರು ಒಪ್ಪಿದ್ದರು, ಸರಿಹೋಯಿತು. ಕಟ್ಟೇ ಇಲ್ಲ ಎಂದು ಅವರು ಬರೆದಿದ್ದರೆ ಈ ವಾಕ್ಯ ನಿಲ್ಲುತ್ತಿರಲಿಲ್ಲ. ಆಗ ‘ವಿ ಡಿಡ್ ಪೇ’ ಎನ್ನಬೇಕು. ‘ಇಟ್ ವಾಸ್ ನಾಟ್ ರಮಾ ಹೂ ಬ್ರೋಕ್ ದಿ ಕಪ್’ ಎಂದು ನೋಡಿ. ರಮಾ ಪಾರಾದಳು, ಕಪ್ಪು ಮಾತ್ರ ಒಡೆದೇ ಇದೆ!

ಕಾಗದದ ಕೊನೆಗೆ ‘ವಾಟ್’ ಬಂತು: ‘ವಾಟ್ ವಿ ವಾಂಟ್ ಈಸ್ ಎ ರಿಫಂಡ್ ಆಫ್ ದಿ ಫೈನ್.’ ಇದರಲ್ಲಿ ಹೊಸ ಸಂಗತಿ ಕೊನೆಗೆ ಬರುತ್ತದೆ, ಓದುವವರು ಅಲ್ಲಿಯವರೆಗೆ ಕಾಯಬೇಕು. ಮಾಡಿದ ಕೆಲಸಕ್ಕೆ ಒತ್ತು ಬೇಕಾದಾಗಲೂ ಇದೇ ಗತಿ. ‘ವಾಟ್ ಹೀ ಡಿಡ್ ವಾಸ್ ಸೆಲ್ ದಿ ಹೌಸ್’ ಎನ್ನಬಹುದು. ‘ಇಟ್ ವಾಸ್ ಸೆಲ್ ದಿ ಹೌಸ್ ದಟ್ ಹೀ ಡಿಡ್’ ಎಂದರೆ ಯಾರೂ ಒಪ್ಪುವುದಿಲ್ಲ.

ಮನುಷ್ಯರಿಗೆ ಮಾತ್ರ ಈ ‘ವಾಟ್’ ಒಗ್ಗದು. ‘ನಿನ್ನೆ ಬಂದದ್ದು ಪಾರ್ಸೆಲ್ಲು’, ‘ನಿನ್ನೆ ಬಂದದ್ದು ಅತ್ತೆ’, ಕನ್ನಡದಲ್ಲಿ ಎರಡೂ ಸಲೀಸು. ಇಂಗ್ಲಿಷಿನಲ್ಲಿ ‘ವಾಟ್ ಕೇಮ್’ ಎಂದರೆ ಪಾರ್ಸೆಲ್ಲೇ. ಅತ್ತೆಯವರಿಗೆ ‘ದಿ ಒನ್ ಹೂ ಕೇಮ್’ ಎಂದು ಮರ್ಯಾದೆ ಕೊಡಬೇಕು.