ಮೊದಲ ಸಾಲಿನಲ್ಲಿ ಮೇಸ್ತ್ರಿ

ಹೊಸ ಮನೆ ಕಟ್ಟಿದವನು ನೀಡುವ ಔತಣಕ್ಕೆ ಅರಬಿಯಲ್ಲಿ ‘ವಕೀರಾ’ ಎಂಬ ಪ್ರತ್ಯೇಕ ಹೆಸರೇ ಇದೆ. ನಮ್ಮ ಕರಾವಳಿಯಲ್ಲಿ ಅದು ಮನೆ ಒಕ್ಕಲು. ನಲವತ್ತಾರು ವರ್ಷ ಬಾಡಿಗೆ ಮನೆಗಳಲ್ಲೇ ಬಾಳಿದ ನನಗೆ ಕಳೆದ ತಿಂಗಳು ಆ ಊಟ ಬಡಿಸುವ ಭಾಗ್ಯ ಒದಗಿತು. ದುಆ ಮುಗಿದ ಬಳಿಕ ಎರಡು ಮಾತನಾಡುವಂತೆ ಹಿರಿಯರು ಸೂಚಿಸಿದರು. ಅಲ್ಲಾಹನಿಗೆ ಸಲ್ಲಿಸುವ ಕೃತಜ್ಞತೆಯನ್ನು ಪ್ರವಾದಿವರ್ಯರು(ಸ) ಜನರಿಗೆ ಸಲ್ಲಿಸುವ ಕೃತಜ್ಞತೆಯೊಂದಿಗೆ ಬೆಸೆದಿದ್ದಾರೆಂದು ಪ್ರತಿ ವರ್ಷ ಮಕ್ಕಳಿಗೆ ಕಲಿಸುವವನು ನಾನು. ‘ಎಲ್ಲರಿಗೂ ಧನ್ಯವಾದ’ ಎಂದು ಕುಳಿತುಬಿಡಲು ಮನಸ್ಸು ಒಪ್ಪಲಿಲ್ಲ.

ಮೊದಲು ಮೇಸ್ತ್ರಿಯನ್ನೂ ಕೊಪ್ಪಳದ ಕಡೆಯಿಂದ ಬಂದಿದ್ದ ಅವರ ಕೆಲಸಗಾರರನ್ನೂ ಮುಂದಿನ ಸಾಲಿಗೆ ಕರೆದೆ. ಏಪ್ರಿಲ್ ಕೊನೆಯಲ್ಲಿ ತಾರಸಿಯ ಕಾಂಕ್ರೀಟು ಹಾಕಿದ್ದೆವು. ಮಳೆಗೆ ಮೊದಲೇ ಒಳಗಿನ ಸಾರಣೆ ಮುಗಿಯಲೆಂದು, ಎಂಟನೆಯ ದಿನವೇ ಸೆಂಟ್ರಿಂಗ್ ಬಿಚ್ಚಬೇಕೆಂದು ಬಂಧುಗಳು ಒತ್ತಾಯಿಸಿದರು. ಮೇಸ್ತ್ರಿ ಟೇಪು ಹಿಡಿದು ಹಜಾರದ ಅಗಲ ಅಳೆದು ತೋರಿಸಿದರು, ಹದಿನಾರು ಅಡಿ. “ಉಸ್ತಾದರೇ, ಸಣ್ಣ ಕೋಣೆಗಳ ಕಂಬ ವಾರಕ್ಕೆ ತೆಗೆಯಬಹುದು. ಇದಕ್ಕೆ ಹದಿನಾಲ್ಕು ದಿನ ಬೇಕು” ಎಂದರು. ಮೇಲೆ ಗಟ್ಟಿಯಾಗಿ ಕಂಡರೂ ಕಾಂಕ್ರೀಟಿಗೆ ಅಷ್ಟು ಅಗಲಕ್ಕೆ ತನ್ನ ಭಾರ ತಾನೇ ಹೊರುವ ಶಕ್ತಿ ಅಷ್ಟು ಬೇಗ ಬರುವುದಿಲ್ಲ. ನಡುವೆ ಒಮ್ಮೆ ಬಾಗಿದರೆ ಆ ಬಾಗು ಮತ್ತೆ ನೇರವಾಗದು. ಕಾದ ಆ ದಿನಗಳಲ್ಲಿ ಅವರಿಗೆ ಬೇರೆ ಕೂಲಿಯೂ ಇರಲಿಲ್ಲ. “ನೀವೆಲ್ಲ ಈಗ ಕುಳಿತಿರುವುದು ಆ ತಾರಸಿಯ ಕೆಳಗೆ” ಎಂದೆ. ಕೆಲವರು ತಲೆಯೆತ್ತಿ ನೋಡಿದರು.

ಆ ಹದಿನಾಲ್ಕು ದಿನವೂ ತಾರಸಿಯ ಮೇಲೆ ನೀರು ನಿಲ್ಲಬೇಕಿತ್ತು. ಮೇಲೆ ಸಣ್ಣ ಕಟ್ಟೆಗಳಿಂದ ಚೌಕಗಳನ್ನು ಮಾಡಿ ಎರಡು ಇಂಚು ನೀರು ನಿಲ್ಲಿಸಿದ್ದರು. ಬಿಸಿಲಿಗೆ ಅದು ಸಂಜೆಯೊಳಗೆ ಇಳಿಯುತ್ತಿತ್ತು. ಒಣಗಿದರೆ ಬಲೆಯಂತೆ ಬಿರುಕು ಕಾಣಿಸುತ್ತದೆ. ನಮ್ಮ ಬಾವಿಯಲ್ಲಿ ಆಗಲೇ ತಳ ಕಾಣುತ್ತಿತ್ತು. ಪಕ್ಕದ ಮನೆಯ ಅಕ್ಕ ತಮ್ಮ ಪಂಪಿನ ಪೈಪನ್ನು ಬೇಲಿ ದಾಟಿಸಿ ಕೊಟ್ಟರು. ಅವರ ಮಲ್ಲಿಗೆ ಗಿಡಗಳಿಗೆ ಆ ಎರಡು ವಾರ ದಿನ ಬಿಟ್ಟು ದಿನವಷ್ಟೇ ನೀರು ಸಿಕ್ಕಿತು. ಹೂ ಮಾರಿ ಬರುವ ಹಣ ಅವರ ಮನೆಖರ್ಚಿಗೆ ಆಧಾರ. ಇದನ್ನು ನಾನು ಹೇಳಿದಾಗ ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

ಕೊನೆಗೆ ಬಂಧುಗಳು. ಬಡ್ಡಿಯ ಸಾಲ ಬೇಡವೆಂದು ನಿರ್ಧರಿಸಿದಾಗ ಒಬ್ಬರು ನಾಲ್ಕು ಪವನ್, ಅಂದರೆ ಮೂವತ್ತೆರಡು ಗ್ರಾಂ ಚಿನ್ನವನ್ನು ಸಾಲವಾಗಿ ಕೊಟ್ಟಿದ್ದರು. ಹೆಸರು ಹೇಳಬಾರದೆಂದು ಅವರೇ ಕೇಳಿಕೊಂಡಿದ್ದರು. ಸಾಲವನ್ನು ಮಾತ್ರ ಸಭೆಯಲ್ಲಿ ಹೇಳಿದೆ. ಪಡೆದದ್ದು ಚಿನ್ನವಾದ್ದರಿಂದ ಮರಳಿಸಬೇಕಾದದ್ದೂ ಅಷ್ಟೇ ತೂಕದ ಚಿನ್ನ, ಅಂದಿನ ಬೆಲೆಯ ರೂಪಾಯಿಯಲ್ಲ. ಬೆಲೆ ಎಷ್ಟೇ ಏರಿದರೂ ಆ ಹೊರೆ ನನ್ನದು. ಸಾಲವನ್ನು ಬರೆದಿಡಬೇಕೆಂಬ ಅಲ್‌ಬಕರದ ಆದೇಶದಂತೆ ಇಬ್ಬರು ಸಾಕ್ಷಿಗಳೊಂದಿಗೆ ಬರೆದಿದ್ದೇವೆ. ನಾನು ತೀರಿಕೊಂಡರೆ ಈ ಮನೆ ಪಾಲಾಗುವ ಮೊದಲು ಆ ಸಾಲ ತೀರಬೇಕು. ಕಾಗದದ ಒಂದು ಪ್ರತಿ ಅವರಲ್ಲಿದೆ, ಇನ್ನೊಂದು ನನ್ನ ಹಿರಿಯ ಮಗನ ಬಳಿ.