ಪ್ರಶ್ನಾರ್ಥಕ ಚಿಹ್ನೆಗೆ ಅಲಾರಂ ಇಡಬೇಡಿ

(1/6)

ಮೊದಲನೇ ಫೋಟೋದಲ್ಲಿ ಇರೋದು ನಮ್ಮಜ್ಜಿಯ ಮಾತ್ರೆ ಟೈಮ್‌ಟೇಬಲ್. ನನ್ನ ಅಕೌಂಟ್ಸ್ ನೋಟ್‌ಬುಕ್ಕಿನ ಹಾಳೆ ಹರಿದು ಬರೆದದ್ದು, ಅದಕ್ಕೇ ಕೆಂಪು ಗೆರೆ ಕಾಣ್ತಿದೆ. ಡಾಕ್ಟರ್ ಚೀಟಿಯ ಫೋಟೋ ಹಾಕಿಲ್ಲ. ಅದರಲ್ಲಿ ಅಜ್ಜಿ ಹೆಸರು, ವಯಸ್ಸು, ಆಸ್ಪತ್ರೆ ನಂಬರ್ ಎಲ್ಲಾ ಇದೆ. ನೀವೂ ಸ್ಟೋರಿಗೆ ಹಾಕೋ ಮುಂಚೆ ಒಂದ್ಸಲ ಯೋಚನೆ ಮಾಡಿ.

ಕಥೆ ಇಷ್ಟು. ನಾನು ಮೈಸೂರಿನ ಹಾಸ್ಟೆಲ್‌ನಲ್ಲಿ, ಅಜ್ಜಿ ಅಮ್ಮ ಹಾಸನದ ಹತ್ತಿರ ಊರಲ್ಲಿ. ಅಜ್ಜಿಗೆ ಎರಡೂ ಕೈ ಬೆರಳಿನ ಗಿಣ್ಣು ಊದಿಕೊಂಡು, ಬೆಳಿಗ್ಗೆ ಎದ್ರೆ ಲೋಟ ಹಿಡಿಯೋಕೂ ಆಗ್ತಿರ್ಲಿಲ್ಲ. ಬುಧವಾರ ಅಮ್ಮ ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋದ್ರು. ರುಮಟಾಯ್ಡ್ ಆರ್ಥ್ರೈಟಿಸ್, ಅಂದ್ರೆ ಕೀಲುವಾತ ಅಂದ್ರಂತೆ. ಸಂಜೆ ವಾಟ್ಸಾಪ್‌ನಲ್ಲಿ ಚೀಟಿ ಫೋಟೋ ಬಂತು, ಕೆಳಗೆ ಒಂದು ವಾಯ್ಸ್ ನೋಟ್: "ಯಾವ್ದು ಯಾವಾಗ ಅಂತ ಬರ್ದು ಕಳ್ಸೇ, ನಾಳೆಯಿಂದ ಶುರು ಮಾಡ್ಬೇಕು. ಹಾಗೇ ನನ್ ಫೋನಲ್ಲಿ ಅಲಾರಂ ಹೇಗೆ ಇಡೋದು ಹೇಳು."

ಐದು ನಿಮಿಷದ ಕೆಲಸ ಅಂದ್ಕೊಂಡೆ. ಮಾಡಿದ್ದು ತಪ್ಪು. ಎಲ್ಲಿ ತಪ್ಪಿದೆ ಅಂತ ಹೇಳ್ತೀನಿ, ಯಾಕಂದ್ರೆ ನಿಮ್ಮನೆಯಲ್ಲೂ ಈ ಕೆಲಸ ನಿಮ್ಮ ಪಾಲಿಗೇ ಬಂದಿರುತ್ತೆ.

(2/6)

ಚೀಟಿಯಲ್ಲಿ ನಾಲ್ಕು ಸಾಲು ಇತ್ತು. ನಡುವೆ ಇರೋ 1-0-1 ಥರದ ಅಂಕಿ ನಿಮಗೆ ಗೊತ್ತೇ ಇದೆ: ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ.

ಮೊದಲ ಸಾಲು ಪ್ಯಾಂಟೊಪ್ರಜೋಲ್ 40, 1-0-0, ತಿಂಡಿಗೆ ಮುಂಚೆ, ಕೊನೆಗೆ x4wk, ಅಂದ್ರೆ ನಾಲ್ಕು ವಾರ. ಚೆನ್ನಾಗಿ ಓದೋಕೆ ಆಯ್ತು.

ಎರಡನೇದು ಮೆಥೊಟ್ರೆಕ್ಸೇಟ್ 7.5, 0-0-1, ಆಮೇಲೆ ಏನೋ ಒಂದು ಸುರುಳಿ. ಕೊನೆಯ wk ಮಾತ್ರ ಕಾಣ್ತಿತ್ತು.

ಮೂರನೇದು ಫೋಲಿಕ್ ಆಸಿಡ್ 5, 1-0-0, x4wk. ಪಕ್ಕದಲ್ಲಿ ಬ್ರಾಕೆಟ್ ಒಳಗೆ ಇರುವೆ ಹರಿದಂಗೆ ಎರಡು ಚಿಕ್ಕ ಪದ.

ನಾಲ್ಕನೇದು ಪ್ಯಾರಾಸಿಟಮಾಲ್, ಪಕ್ಕದಲ್ಲಿ SOS. ಅಂದ್ರೆ ನೋವಿದ್ರೆ ಮಾತ್ರ. ಇಂಥದ್ದಕ್ಕೆ ಅಲಾರಂ ಇಡಲೇಬಾರದು. ಅಲಾರಂ ಹೊಡೆದ್ರೆ ಅಜ್ಜಿ ನೋವಿಲ್ದಿದ್ರೂ ನುಂಗ್ತಾರೆ.

ಈಗ ನನ್ನ ತಪ್ಪು. ಮೇಲಿನ ಸಾಲಲ್ಲಿ x4wk, ಕೆಳಗಿನ ಸಾಲಲ್ಲೂ x4wk. ಹಾಗಿದ್ರೆ ನಡುವಿನ ಸುರುಳಿಯೂ x4wk ಇರ್ಬೇಕು ಅಂತ ನನ್ನ ಕಣ್ಣು ತಾನೇ ಓದಿಬಿಡ್ತು. ಬ್ರಾಕೆಟ್ ಒಳಗಿದ್ದದ್ದು ಓದೋಕೆ ಆಗ್ಲಿಲ್ಲ, "ಏನೋ ಇರುತ್ತೆ" ಅಂತ ಬಿಟ್ಟೆ. ಮೆಥೊಟ್ರೆಕ್ಸೇಟ್ ದಿನಾ ರಾತ್ರಿ ಒಂದು, ನಾಲ್ಕು ವಾರ ಅಂತ ನೀಟಾಗಿ ಬರೆದು ಕಳಿಸ್ದೆ. ಮೆಡಿಕಲ್ ಕೌಂಟರ್‌ನಲ್ಲೂ "ರಾತ್ರಿ ಊಟ ಆದ್ಮೇಲೆ ಒಂದು" ಅಂದಿದ್ರಂತೆ. ಅಮ್ಮಂಗೆ ಪೂರ್ತಿ ಧೈರ್ಯ ಬಂತು. ಗುರುವಾರ ರಾತ್ರಿ 9ಕ್ಕೆ ಅಲಾರಂ ಇಟ್ಟಾಯ್ತು.

(3/6)

ಗುರುವಾರ ಸಂಜೆ ಆರಕ್ಕೆ ಹಾಸ್ಟೆಲ್‌ನಲ್ಲಿ ಬ್ಯಾಂಕ್ ರೀಕನ್ಸಿಲಿಯೇಶನ್ ಲೆಕ್ಕ ಮಾಡ್ತಾ ಕೂತಿದ್ದೆ. ಕ್ಯಾಶ್ ಬುಕ್ ಒಂದು ಹೇಳುತ್ತೆ, ಪಾಸ್‌ಬುಕ್ ಇನ್ನೊಂದು ಹೇಳುತ್ತೆ, ವ್ಯತ್ಯಾಸ ಯಾಕೆ ಅಂತ ಹುಡುಕ್ಬೇಕು. ಆಗ ಹೊಳೀತು: ಚೀಟಿಯನ್ನ ಬಿಲ್ ಜೊತೆ ತಾಳೆ ನೋಡೇ ಇಲ್ವಲ್ಲ. ಬಿಲ್ಲು, ಮಾತ್ರೆ ಶೀಟು ಎರಡರದ್ದೂ ಫೋಟೋ ಕಳ್ಸು ಅಂತ ಅಮ್ಮಂಗೆ ಹೇಳ್ದೆ.

ನಾಲ್ಕು ವಾರ ಅಂದ್ರೆ 28 ದಿನ. ಪ್ಯಾಂಟೊಪ್ರಜೋಲ್ ಬೇಕಾದದ್ದು 28, ಬಿಲ್‌ನಲ್ಲಿ 28. ಸರಿ. ಫೋಲಿಕ್ ಆಸಿಡ್ ನನ್ನ ಲೆಕ್ಕದಲ್ಲಿ 28, ಬಿಲ್‌ನಲ್ಲಿ 24. ಮೆಥೊಟ್ರೆಕ್ಸೇಟ್ ನನ್ನ ಲೆಕ್ಕದಲ್ಲಿ 28, ಬಿಲ್‌ನಲ್ಲಿ 4.

ಒಂದರಲ್ಲಿ ನಾಲ್ಕೇ ಕೊಟ್ಟಿದಾರೆ, ಇನ್ನೊಂದರಲ್ಲಿ ನಾಲ್ಕು ಕಮ್ಮಿ ಕೊಟ್ಟಿದಾರೆ. ವಾರಗಳೂ ನಾಲ್ಕು. ಮೈ ಬಿಸಿ ಆಯ್ತು.

ಚೀಟಿ ಫೋಟೋ ಮತ್ತೆ ತೆಗೆದು ಜೂಮ್ ಮಾಡ್ದೆ, ಬರೀ ಮಸುಕು. ವಾಟ್ಸಾಪ್ ಫೋಟೋನ ಕುಗ್ಗಿಸಿ ಕಳಿಸುತ್ತೆ. ಅಮ್ಮಂಗೆ ಹೇಳ್ದೆ: ಚೀಟಿನ ಮಡಿಕೆ ಬಿಡಿಸಿ ಮೇಜಿನ ಮೇಲಿಡು, ಕಿಟಕಿ ಹತ್ರ, ಫ್ಲ್ಯಾಶ್ ಬೇಡ, ಮೇಲಿಂದ ನೇರವಾಗಿ ತೆಗಿ. ಮೊದಲು ಇಡೀ ಹಾಳೆ, ಆಮೇಲೆ ಒಂದೊಂದು ಸಾಲಿಗೆ ಒಂದೊಂದು ಫೋಟೋ, ಕಳಿಸುವಾಗ HD ಒತ್ತು. ಈ ಸಲ ಎರಡನೇ ಸಾಲಿನ ಸುರುಳಿ ಬೇರೆ ಥರ ಕಂಡಿತು. x ಇರಲಿಲ್ಲ, 4 ಇರಲಿಲ್ಲ. ಒಂದು ಕಡ್ಡಿ, ಒಂದು ಓರೆ ಗೆರೆ, ಆಮೇಲೆ wk. ಅಂದ್ರೆ 1/wk ಇರಬಹುದು. ವಾರಕ್ಕೆ ಒಂದು.

ಇರಬಹುದು, ಅಷ್ಟೇ. ಇಲ್ಲಿ ನಾನು ಎರಡನೇ ಸಲ ಊಹೆ ಮಾಡೋದು ತಪ್ಪಿತು. ಬಿಲ್ ತಾಳೆ ಅನುಮಾನ ಹುಟ್ಟಿಸುತ್ತೆ, ಉತ್ತರ ಕೊಡಲ್ಲ. ಎಷ್ಟೋ ಅಂಗಡಿಯಲ್ಲಿ ಶೀಟು ಕತ್ತರಿಸದೆ ಪೂರ್ತಿ ಹತ್ತು ಕೊಡ್ತಾರೆ. ಸ್ಟಾಕ್ ಇಲ್ದಿದ್ರೆ ನಾಲ್ಕು ಕೊಟ್ಟು "ಉಳಿದದ್ದು ನಾಳೆ ಬನ್ನಿ" ಅಂತಾರೆ. ಆ ನಾಲ್ಕೂ ಹಾಗೇ ಬಂದಿದ್ರೆ? ಅಮ್ಮಂಗೆ ಫೋನ್ ಮಾಡಿ ಒಂದೇ ಮಾತು ಹೇಳ್ದೆ: "ಒಂಬತ್ತರ ಅಲಾರಂ ತೆಗಿ. ಆ ಮಾತ್ರೆ ಇವತ್ತು ಬೇಡ. ಚೀಟಿ, ಬಿಲ್ಲು, ಶೀಟು ಮೂರೂ ತಗೊಂಡು ಬಸ್ ಸ್ಟ್ಯಾಂಡ್ ಹತ್ರದ ಮೆಡಿಕಲ್ಸ್‌ಗೆ ಹೋಗು. ನನ್ನ ಲೈನಲ್ಲೇ ಇಟ್ಕೋ."

(4/6)

ಅಂಗಡಿಯಲ್ಲಿ ಹೇಗೆ ಕೇಳೋದು ಅನ್ನೋದೇ ಇಲ್ಲಿ ಮುಖ್ಯ.

ಒಂದು, ಕೌಂಟರ್‌ನಲ್ಲಿ ನಿಂತವರೆಲ್ಲ ಫಾರ್ಮಸಿಸ್ಟ್ ಅಲ್ಲ. ಸಹಾಯಕ್ಕಿರೋ ಹುಡುಗರೂ ಇರ್ತಾರೆ. "ಫಾರ್ಮಸಿಸ್ಟ್ ಇದಾರಾ, ಒಂದು ಡೌಟ್ ಇತ್ತು" ಅಂತ ಕೇಳೋದ್ರಲ್ಲಿ ಏನೂ ಅವಮಾನ ಇಲ್ಲ.

ಎರಡು, ಉತ್ತರ ನಿಮ್ಮ ಬಾಯಿಂದ ಬರಬಾರದು. "ಇದು ದಿನಾ ಒಂದು ತಾನೇ?" ಅಂದ್ರೆ, ರಶ್ ಇರೋ ಹೊತ್ತಲ್ಲಿ "ಹೂಂ ಹೂಂ" ಅಂತ ಬರುತ್ತೆ. ಅಮ್ಮ ಹಾಗೇ ಶುರು ಮಾಡಿದ್ರು, ಸ್ಪೀಕರಿಂದ ನಾನೇ ತಡೆದೆ. "ಸರ್, ಎರಡನೇ ಸಾಲು ನೀವೇ ಪೂರ್ತಿ ಓದಿ ಹೇಳ್ತೀರಾ? ಮೂರನೇ ಸಾಲಿನ ಬ್ರಾಕೆಟ್ ಒಳಗೆ ಏನಿದೆ ಅದೂ." ನನ್ನ ಟೇಬಲ್ ತೋರಿಸ್ಬೇಡ ಅಂತ ಅಮ್ಮಂಗೆ ಮೊದಲೇ ಹೇಳಿದ್ದೆ. ತೋರಿಸಿದ್ರೆ ಅವರ ಕಣ್ಣೂ ನನ್ನ ಬರಹವನ್ನೇ ಓದುತ್ತೆ.

ಅವರು ಕನ್ನಡಕ ಹಾಕ್ಕೊಂಡು ನೋಡಿದ್ರು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳಿದ್ರು, "ಯಾರಿಗಮ್ಮ ಇದು? ಕೀಲು ನೋವಿಗಾ?"

"ಹೌದು ಸರ್, ನಮ್ಮತ್ತೆಗೆ."

"ಇದನ್ನ ಕೀಲುವಾತಕ್ಕೆ ವಾರಕ್ಕೆ ಒಂದೇ ದಿನ ಕೊಡೋದು. ದಿನಾ ಕೊಟ್ಟಿಲ್ಲ ತಾನೇ?"

"ಇಲ್ಲ, ಇವತ್ತು ರಾತ್ರಿ ಶುರು ಮಾಡೋದಿತ್ತು."

"ಶುರು ಮಾಡ್ಬೇಡಿ, ಇರಿ." ಬ್ರಾಕೆಟ್ ಒಳಗಿರೋದು exc Sun ಥರ ಇದೆ, ಭಾನುವಾರ ಬಿಟ್ಟು ಅಂತ, ಆದ್ರೆ ಗ್ಯಾರಂಟಿ ಇಲ್ಲ ಅಂದ್ರು. ನನಗೆ ಅವರ ಮೇಲೆ ಗೌರವ ಬಂದದ್ದು ಈ ಮಾತಿಗೆ. ತಾವೂ ಊಹೆ ಮಾಡದೆ, ಚೀಟಿ ಮೇಲಿದ್ದ ನಂಬರಿಗೆ ಅವರೇ ಫೋನ್ ಮಾಡಿದ್ರು. ಡಾಕ್ಟರೇ ಸಿಕ್ಕಿದ್ರು. ಮೆಥೊಟ್ರೆಕ್ಸೇಟ್ ಭಾನುವಾರ ರಾತ್ರಿ ಮಾತ್ರ. ಫೋಲಿಕ್ ಆಸಿಡ್ ಉಳಿದ ಆರು ದಿನ ಬೆಳಿಗ್ಗೆ. ಆರು ದಿನ ನಾಲ್ಕು ವಾರ, 24. ಲೆಕ್ಕ ಕೂಡಿತು.

ಅವರು ಮಾರ್ಕರ್ ತಗೊಂಡು ಮಾತ್ರೆ ಶೀಟಿನ ಮೇಲೆ ಕನ್ನಡದಲ್ಲಿ ದೊಡ್ಡದಾಗಿ "ಭಾನುವಾರ ಮಾತ್ರ" ಅಂತ ಬರೆದುಕೊಟ್ರು. ಅವತ್ತು ಅವರ ಹತ್ರ ನಾವು ಒಂದು ರೂಪಾಯಿದೂ ಕೊಂಡಿರಲಿಲ್ಲ.

(5/6)

ದಿನಾ ಕೊಟ್ಟಿದ್ರೆ ಏನಾಗ್ತಿತ್ತು ಅಂತ ಆಮೇಲೆ ಕೇಳ್ದೆ. ಈ ಔಷಧಿ ಕೋಶಗಳು ಬೆಳೆಯೋದನ್ನ ತಡೆಯುತ್ತೆ. ವಾರಕ್ಕೊಂದು ಅಂದ್ರೆ ಕೀಲಿನ ಊತ ಇಳಿಯುತ್ತೆ. ದಿನಾ ತಗೊಂಡ್ರೆ ಬಾಯಿ ಹುಣ್ಣಾಗುತ್ತೆ, ಮೂಳೆ ಮಜ್ಜೆಯಲ್ಲಿ ರಕ್ತಕಣ ಹುಟ್ಟೋದು ಕುಸಿಯುತ್ತೆ, ಸೋಂಕು ಹತ್ತಿದ್ರೆ ತಡ್ಕೊಳ್ಳೋ ಶಕ್ತಿ ಇರಲ್ಲ. ಇದೇ ತಪ್ಪಿನಿಂದ ಬೇರೆ ಬೇರೆ ದೇಶಗಳಲ್ಲಿ ಜನ ಸತ್ತಿದಾರೆ. ಅದಕ್ಕೇ ಬ್ರಿಟನ್ನಿನ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ, ವಾರದ ಯಾವ ದಿನ ಅನ್ನೋದನ್ನ ಚೀಟಿಯಲ್ಲಿ ಪೂರ್ತಿ ಅಕ್ಷರದಲ್ಲಿ ಬರೀರಿ ಅಂತ ಡಾಕ್ಟರ್‌ಗಳಿಗೆ ಹೇಳಿತು. ನಮ್ಮಲ್ಲೂ ಔಷಧಿ ಹೆಸರು ಓದುವಂತೆ, ಸಾಧ್ಯವಾದಷ್ಟು ದೊಡ್ಡ ಅಕ್ಷರದಲ್ಲಿ ಬರೀಬೇಕು ಅಂತ 2016ರಿಂದ ವೈದ್ಯರ ನಿಯಮದಲ್ಲಿ ಇದೆ. ಆದ್ರೆ ನೋಡಿ, ಅಜ್ಜಿ ಚೀಟಿಯಲ್ಲಿ ಹೆಸರು ಚೆನ್ನಾಗೇ ಇತ್ತು. ಕೆಟ್ಟಿದ್ದು ಹೆಸರಿನ ಮುಂದಿನ ಒಂದು ಚಿಕ್ಕ ಗೀಟು.

(6/6)

ಈಗ ನಾನು ಮಾಡೋ ಕ್ರಮ ಎರಡನೇ ಫೋಟೋದಲ್ಲಿದೆ. ಕಾಲಂ ಆರು: ಹೆಸರು, ಎಷ್ಟು ಎಂಜಿ, ಯಾವ ದಿನ, ಯಾವ ಹೊತ್ತು, ಊಟಕ್ಕೆ ಮುಂಚೆಯೋ ಆಮೇಲೆಯೋ, ಎಲ್ಲಿವರೆಗೆ. "ಯಾವ ದಿನ" ಅನ್ನೋ ಕಾಲಂ ಮೊದಲ ಸಲ ನಾನು ಹಾಕೇ ಇರಲಿಲ್ಲ. ಹಾಕಿದ್ರೆ ಅಲ್ಲೇ ತಡವರಿಸ್ತಿದ್ದೆ.

ಚೀಟಿಯಲ್ಲಿ ಕಣ್ಣಿಗೆ ಕಂಡದ್ದನ್ನ ಮಾತ್ರ ತುಂಬ್ತೀನಿ. ಓದೋಕೆ ಆಗದ ಜಾಗದಲ್ಲಿ ಕೆಂಪು ಪೆನ್ನಲ್ಲಿ ?. ಮೇಲಿನ ಸಾಲು ನೋಡಿ ಕೆಳಗಿನದು ತುಂಬೋ ಹಾಗಿಲ್ಲ. ಒಂದು ಪದವನ್ನ ಎರಡು ಥರ ಓದಬಹುದು ಅಂದ್ರೆ ಎರಡನ್ನೂ ಪಕ್ಕದಲ್ಲಿ ಬರೀತೀನಿ, ಅದಕ್ಕೂ ಒಂದು ?. ಆಮೇಲೆ ಶೀಟಿನ ಮೇಲಿನ ಹೆಸರು, ಎಂಜಿ ಮತ್ತು ಬಿಲ್‌ನ ಸಂಖ್ಯೆ ತಾಳೆ. ಕೂಡದಿದ್ರೆ ಆ ಸಾಲಿಗೂ ?. ? ಇರೋ ಸಾಲಿಗೆ ಅಲಾರಂ ಇಲ್ಲ. ಹಾಗಂತ ಆ ಮಾತ್ರೆಯನ್ನ ಮರೆತು ಬಿಡೋ ಹಾಗೂ ಇಲ್ಲ, ಅವತ್ತೇ ಫಾರ್ಮಸಿಸ್ಟ್ ಹತ್ರ ಹೋಗ್ಬೇಕು. ಅವರಿಗೂ ಅನುಮಾನ ಇದ್ರೆ ಡಾಕ್ಟರ್ ಹತ್ರ. ಯಾರು ಹೇಳಿದ್ರು, ಯಾವತ್ತು ಅಂತ ಪಕ್ಕದಲ್ಲಿ ಬರೆದ ಮೇಲೇ ? ಹೊಡೆದು ಹಾಕೋದು.

ಅಮ್ಮನ ಫೋನಲ್ಲಿ ಈಗ ಮೂರು ಅಲಾರಂ ಇದೆ. ಬೆಳಿಗ್ಗೆ 7:30ಕ್ಕೆ ಪ್ಯಾಂಟೊಪ್ರಜೋಲ್, ದಿನಾ. 8:30ಕ್ಕೆ ಫೋಲಿಕ್ ಆಸಿಡ್, ಸೋಮವಾರದಿಂದ ಶನಿವಾರ. ರಾತ್ರಿ 9ಕ್ಕೆ ಮೆಥೊಟ್ರೆಕ್ಸೇಟ್, ಭಾನುವಾರ ಒಂದೇ. ಅಲಾರಂ ಇಡುವಾಗ ಕೆಳಗೆ ವಾರದ ದಿನಗಳ ಅಕ್ಷರ ಇರುತ್ತಲ್ಲ, ಎಲ್ಲಾ ಒತ್ತಿಬಿಡೋದು ಕೈಗೆ ಅಭ್ಯಾಸ. ಅಲ್ಲಿ ನೋಡ್ಕೊಂಡು ಒತ್ತಿ. ನಾಲ್ಕು ವಾರದ ಕೊನೆಗೆ ರಕ್ತ ಪರೀಕ್ಷೆ ಮಾಡಿಸಿ ಮತ್ತೆ ತೋರಿಸ್ಬೇಕು. ಅವತ್ತು ಹಳೇ ಅಲಾರಂ ಎಲ್ಲಾ ಅಳಿಸಿ, ಹೊಸ ಚೀಟಿಯಿಂದ ಹೊಸದಾಗಿ ಬರೀತೀನಿ.

ಅಲಾರಂಗೆ ಅಜ್ಜಿಯ ನಂಬಿಕೆ ಇಲ್ಲ. ಗೋಡೆ ಕ್ಯಾಲೆಂಡರ್‌ನಲ್ಲಿ ನಾಲ್ಕು ಭಾನುವಾರಕ್ಕೆ ಕುಂಕುಮದಲ್ಲಿ ಬೊಟ್ಟು ಇಡಿಸ್ಕೊಂಡಿದಾರೆ. ಮಾತ್ರೆ ನುಂಗಿದ ಮೇಲೆ ತಾವೇ ಪೆನ್ಸಿಲ್ ಹಿಡಿದು ಬೊಟ್ಟಿನ ಮೇಲೆ ಒಂದು ಗೀಟು ಎಳೀತಾರೆ. ಮೊದಲ ವಾರದ ಗೀಟು ನಡುಗಿ ಪಕ್ಕದ ಸೋಮವಾರಕ್ಕೂ ತಾಗಿತ್ತು. ಮೊನ್ನೆ ಮೂರನೇ ಭಾನುವಾರದ ಫೋಟೋ ಬಂತು. ಗೀಟು ನೆಟ್ಟಗಿದೆ, ಮನೆಯೊಳಗೇ ಇದೆ.