ಕೂಸಿನ ಸ್ವೆಟರ್ ಜೋಡಿ ಒಂದು ಚೀಟಿ

ಹೋದ ವರ್ಷ ಮಾರ್ಗಶಿರದಾಗ ನಮ್ಮ ಅಕ್ಕನ ಮಗಳು ಹಡದ್ಲು. ಗಂಡು ಕೂಸು. ಆಕಿ ಬಸರಿದ್ದಾಗನ ನಾನು ಎರಡು ಸೆಟ್ ಹೆಣದು ಇಟ್ಟಿದ್ದೆ. ಸೆಟ್ ಅಂದ್ರ ಸ್ವೆಟರ್, ಕುಂಚಗಿ, ಕಾಲುಚೀಲ. ಒಂದು ಹಾಲಿನ ಬಣ್ಣದ್ದು, ಇನ್ನೊಂದು ತಿಳಿಹಸರು. ಹಾಲಿನ ಬಣ್ಣದ್ದು ನಮ್ಮನಿಯವ್ರು ಶಿಮ್ಲಾಕ್ಕ ಹೋದಾಗ ತಂದಿದ್ದ ಖರೇ ಉಣ್ಣಿ ದಾರದ್ದು. ಆ ದಾರ ನಾಲ್ಕು ವರ್ಷದಿಂದ ಟ್ರಂಕಿನ್ಯಾಗ ಇತ್ತು, ಯಾರಿಗೂ ಮುಟ್ಟಲಿಕ್ಕೆ ಕೊಟ್ಟಿರಲಿಲ್ಲ. ಹಸರಿಂದು ನಮ್ಮ ಧಾರವಾಡ ಪ್ಯಾಟ್ಯಾಗ ತಗೊಂಡಿದ್ದು. ಎರಡೂ ಒಂದ ಚೀಲದಾಗ ಹಾಕಿ, ಮ್ಯಾಲ ಒಂದು ಚೀಟಿ ಇಟ್ಟೆ: "ಉಲನ್ ಸೆಟ್. 0-3 ತಿಂಗಳು. ಭಾಳ ಮೆತ್ತಗದಾವ. ಆರಾಮ ತೊಳೀಬಹುದು."

ಕೂಸಿಗೆ ಎರಡು ತಿಂಗಳಾದ ಮ್ಯಾಲ ನೋಡ್ಲಿಕ್ಕೆ ಹೋದೆ. ಕೂಸಿನ ಮೈಮ್ಯಾಲ ಅಂಗಡಿ ಸ್ವೆಟರ್ ಇತ್ತು. ನಾನೇನು ಕೇಳ್ಲಿಲ್ಲ, ಆಕಿನೂ ಏನೂ ಹೇಳ್ಲಿಲ್ಲ. ಚಹಾ ಕುಡಿಯೋ ತನಕ ಇಬ್ಬರೂ ಬ್ಯಾರೆ ಬ್ಯಾರೆ ಮಾತಾಡಿದ್ವಿ. ಕಡೀಗೆ ನಮ್ಮ ಅಕ್ಕನ ಕಪಾಟಿನಿಂದ ತಗದು ತೊಡಿಮ್ಯಾಲ ಇಟ್ಲು. "ನೋಡವಾ, ಇದು ಗೊಂಬಿಗೆ ಆಗ್ತದ."

ಹಾಲಿನ ಬಣ್ಣದ ಸ್ವೆಟರ್ ಮುಷ್ಟಿಯಷ್ಟಾಗಿತ್ತು. ಟೇಪ್ ಹಿಡದು ನೋಡಿದೆ. ಎದಿ ಸುತ್ತ 18 ಇಂಚು ಹೆಣದಿದ್ದು 13ಕ್ಕ ಬಂದಿತ್ತು. ಕೈಗೆ ದಪ್ಪ, ಬಿರುಸು, ಕಂಬಳಿ ಹಂಗ. ನನ್ನ ಹೆಣಿಕಿ ಒಂದೂ ಕಾಣ್ತಿರಲಿಲ್ಲ. ಹಸರ ಸ್ವೆಟರಿನ ತೋಳಿನ ತುದ್ಯಾಗ ಹುಣಸಿಬೀಜದಷ್ಟು ತೂತು, ಸುತ್ತ ಕರ್ರಗ ಗಟ್ಟಿಯಾಗಿ ಪ್ಲಾಸ್ಟಿಕ್ ಹಂಗ ಆಗಿತ್ತು. ಎರಿಯಾಕಿ ಕೂಸಿಗೆ ನೀರು ಹಾಕಿ, ಸ್ವೆಟರ್ ಹಾಕಿ, ಲೋಬಾನದ ಹೊಗಿ ಹಿಡದಿದ್ಲಂತ. ಒಂದು ಕೆಂಡ ಚಟ್ ಅಂತ ಸಿಡದು ತೋಳಿನ ಮ್ಯಾಲ ಬಿತ್ತು. ಕೂಸು ಕೈ ಒಳಗ ಎಳಕೊಂಡಿತ್ತು, ತೋಳು ಖಾಲಿ ಇತ್ತು. ಅಷ್ಟರಾಗ ಉಳೀತು.

"ಉಲನ್ ಇದ್ದದ್ದು ಹೆಂಗ ಕರಗ್ತು ಮೌಶಿ?" ಅಂತ ಮಗಳು ಕೇಳಿದ್ಲು. ನನಗ ಆಗ ಹೊಳೀತು ನೋಡ್ರಿ, ಆ ಚೀಟಿ ಮ್ಯಾಲ ಬರದ ನಾಲ್ಕೂ ಮಾತು ಸುಳ್ಳ ಇದ್ವು ಅಂತ.

ನಮ್ಮ ಕಡೆ ಅಂಗಡ್ಯಾಗ ಹೆಣಿಯೋ ದಾರಕ್ಕೆಲ್ಲಾ ಉಲನ್ ಅಂತಾರ. ಆದ್ರ ಅದರಾಗ ಹೆಚ್ಚಿಂದು ಉಣ್ಣಿ ಅಲ್ಲ, ಆಕ್ರಿಲಿಕ್. ಹಳೇ ಮಂದಿ ಕ್ಯಾಶ್ಮಿಲಾನ್ ಅಂತಿದ್ರಲ್ಲಾ, ಅದ. ಕುರಿ ಮೈಯಿಂದ ಬಂದದ್ದಲ್ಲ, ಕಾರ್ಖಾನ್ಯಾಗ ಮಾಡಿದ್ದು. ಉಂಡಿಗೆ ಸುತ್ತಿದ ಪಟ್ಟಿ ಮ್ಯಾಲ ಸಣ್ಣ ಅಕ್ಷರದಾಗ ಬರದಿರ್ತದ, ನಾವು ಬಣ್ಣ ನೋಡಿ ಪಟ್ಟಿ ಹರದು ಒಗದುಬಿಡ್ತೀವಿ. ಪಟ್ಟಿ ಇಲ್ಲದ ದಾರ ಇದ್ರ ಒಂದು ಬಟ್ಟಿನಷ್ಟು ತುಂಡು ಕತ್ತರಿಸಿ, ಚಿಮಟದಾಗ ಹಿಡದು, ನೀರಿನ ಬಟ್ಟಲ ಮ್ಯಾಲ ಸುಟ್ಟು ನೋಡ್ರಿ. ಉಣ್ಣಿ ಇದ್ರ ಕೂದಲಾ ಸುಟ್ಟ ನಾತ ಬರ್ತದ, ಉಳಿದ ಬೂದಿ ಬೆರಳಾಗ ತಿಕ್ಕಿದ್ರ ಪುಡಿ ಆಗ್ತದ. ಹತ್ತಿ ಇದ್ರ ಕಾಗದ ಸುಟ್ಟ ವಾಸನಿ, ಮೆತ್ತನ್ನ ಬೂದಿ. ಆಕ್ರಿಲಿಕ್ ಇದ್ರ ಉರದು ಕರಗಿ ತುದ್ಯಾಗ ಕರಿ ಗುಂಡು ಆಗ್ತದ, ಆರಿದ ಮ್ಯಾಲ ಒತ್ತಿದ್ರೂ ಒಡಿಯೋದಿಲ್ಲ. ಆ ಕರಗಿದ್ದು ಮೈಗೆ ಹತ್ತಿದ್ರ ಅಂಟಿಕೊಂಡ ಬಿಡ್ತದ. ಅದಕ್ಕ ಬಾಣಂತಿ ಕೋಲ್ಯಾಗ ಅಗ್ಗಿಷ್ಟಿಗಿ, ಲೋಬಾನ ಇರೋ ಮನಿಗೆ ಆಕ್ರಿಲಿಕ್ ಸೆಟ್ ಕೊಡೋ ಮುಂದ ಈಗ ನಾನು ಮೊದಲ ಹೇಳ್ತೀನಿ: ಕೆಂಡದ ಹತ್ರ ಹೋಗೋ ಮುಂದ ಇದನ್ನ ತಗೀರಿ, ಹತ್ತಿ ಅರಿವ್ಯಾಗ ಸುತ್ರಿ. ಹತ್ತಿನೂ ಹತ್ತಿಕೊಳ್ತದ ಖರೆ, ಆದ್ರ ಕರಗಿ ಮೈಗೆ ಅಂಟೂದಿಲ್ಲ. ಕೂಸನ್ನಂತೂ ಕೆಂಡದಿಂದ ಒಂದು ಮಾರು ದೂರನ ಹಿಡೀಬೇಕು.

ಇನ್ನ ಹಾಲಿನ ಬಣ್ಣದ್ದು. ಅದಕ್ಕ ನಾನು "ಆರಾಮ ತೊಳೀಬಹುದು" ಅಂತ ಬರದಿದ್ನಲ್ಲಾ, ಆಕಿ ಪಾಪ ಹಂಗ ತೊಳದಾಳ. ದುಪಟಿ, ಲಂಗೋಟಿ ಜೋಡಿ ವಾಶಿಂಗ್ ಮಶೀನಿನ್ಯಾಗ ಬಿಸಿನೀರು, ಸೋಪಿನ ಪುಡಿ ಹಾಕಿ ತಿರಗಿಸ್ಯಾಳ. ಉಣ್ಣಿ ಎಳಿ ಮ್ಯಾಲ ಕಣ್ಣಿಗೆ ಕಾಣದಷ್ಟು ಸಣ್ಣ ಮೀನಿನ ಹುರುಪಿ ಹಂಗ ಇರ್ತದ. ಬಿಸಿ, ಸೋಪು, ತಿಕ್ಕಾಟ ಮೂರೂ ಕೂಡಿದ್ರ ಹುರುಪಿ ಒಂದಕ್ಕೊಂದು ಸಿಕ್ಕಿ, ಎಳಿ ಎಳಿ ಹತ್ರ ಬಂದು ಗಟ್ಟಿ ಆಗಿಬಿಡ್ತದ. ಒಮ್ಮೆ ಹಂಗಾತು ಅಂದ್ರ ಎಳದ್ರೂ, ನೆನಿಸಿದ್ರೂ ಮೊದಲಿನ ಹಂಗ ಆಗೂದಿಲ್ಲ. ಕೆಲವು ಉಣ್ಣಿ ದಾರಕ್ಕ ಈ ಹುರುಪಿ ಸಿಗದಂಗ ಮೊದಲ ಸಂಸ್ಕಾರ ಮಾಡಿರ್ತಾರ, ಪಟ್ಟಿ ಮ್ಯಾಲ ಸೂಪರ್‌ವಾಶ್ ಅಂತ ಇರ್ತದ. ನಂದು ಅದಲ್ಲ.

ಖರೇ ಉಣ್ಣಿದ್ದು ಹೆಂಗ ತೊಳೀಬೇಕಂದ್ರ, ಬಕೀಟಿನ್ಯಾಗ ತಣ್ಣೀರು, ಇಲ್ಲಾ ಮೈಗೆ ಹತ್ತಿದ್ದೂ ಗೊತ್ತಾಗದಷ್ಟು ಬೆಚ್ಚಗಿನ ನೀರು. ಉಣ್ಣಿಗೆ ಅಂತನ ಬರೋ ನೀರಿನಂಥ ಸೋಪು ಒಂದು ಚಮಚ. ಹತ್ತು ನಿಮಿಷ ಮುಳಗಿಸಿ ಇಟ್ಟು, ಅಂಗೈಯಿಂದ ಮೆಲ್ಲಕ ಒತ್ತಬೇಕು. ತಿಕ್ಕಬಾರದು, ಹಿಂಡಬಾರದು. ಕಲಕೋ ನೀರೂ ಅಷ್ಟ ಬಿಸಿ ಇರಬೇಕು, ಒಮ್ಮೆ ಬೆಚ್ಚಗ ಒಮ್ಮೆ ತಣ್ಣಗ ಮಾಡಬಾರದು. ಆಮ್ಯಾಲ ಒಣ ಟಾವೆಲಿನ್ಯಾಗ ಹಾಸಿ, ಚಾಪಿ ಸುತ್ತಿದಂಗ ಸುತ್ತಿ ಒತ್ತಿದ್ರ ನೀರು ಟಾವೆಲಿಗೆ ಹೋಗ್ತದ. ನೆರಳಾಗ ಹಾಸಿ ಒಣಗಿಸಬೇಕು, ಹಗ್ಗಕ್ಕ ಹಾಕಿದ್ರ ನೀರಿನ ಭಾರಕ್ಕ ಜೋತು ಉದ್ದ ಆಗ್ತದ. ಹೇಳ್ರಿ, ದಿನಕ್ಕ ಮೂರು ಸಲ ಹಾಲು ಕಕ್ಕೋ ಕೂಸು ಇರೋ ಮನ್ಯಾಗ ಇಷ್ಟೆಲ್ಲಾ ಯಾರು ಮಾಡ್ತಾರ? ಅದಕ್ಕ ದಿನಾ ಹಾಕೋದಕ್ಕ ಉಣ್ಣಿ ಬ್ಯಾಡ ಅಂತ ನನಗನಸ್ತದ. ಆಕ್ರಿಲಿಕ್ ಆದ್ರ ತಣ್ಣೀರಾಗ ಜಾಳಿಗಿ ಚೀಲದಾಗ ಹಾಕಿ ಮಶೀನಿಗೂ ಹಾಕಬಹುದು. ಇಸ್ತ್ರಿ ಮಾತ್ರ ತೋರಸಬಾರದು, ಒಮ್ಮೆ ಬಿಸಿ ತಾಗಿದ್ರ ಹೆಣಿಕಿ ಸತ್ತಂಗ ಆಗಿ ಜೋಲಿ ಬೀಳ್ತದ.

ಈಗ ತಿಂಗಳಿನ ಲೆಕ್ಕ. ಹಸರ ಸ್ವೆಟರಿಗೆ ಗುಂಡಿ ಹತ್ತಿರಲಿಲ್ಲ, ಎರಡು ತಿಂಗಳ ಕೂಸಿಗೆ ತೆರದನ ಹಾಕ್ತಿದ್ರು. ನಾನು ಎರಡೂ ಸೆಟ್‌ಗೆ ಒಂದ ಲೆಕ್ಕ ಹಾಕಿದ್ದೆ. ಮೂರು ತಿಂಗಳ ಕೂಸಿನ ಎದಿ ಸುಮಾರು 16 ಇಂಚು, ಒಳಗ ಝಬಲಾ ಹಾಕಿ ಉಸಿರಾಡ್ಲಿಕ್ಕೆ ಇನ್ನೆರಡು ಇಂಚು, ಒಟ್ಟು 18. 8 ನಂಬರ್ ಕಡ್ಡಿ ಮ್ಯಾಲ ಇಂಚಿಗೆ ಐದೂವರಿ ಕುಣಿಕಿ ಬರ್ತಾವ, ಅಂದ್ರ 99 ಕುಣಿಕಿ. ಉಣ್ಣಿದ್ದು ಸರೀನ ಬಂತು. ಹಸರ ದಾರ ಸ್ವಲ್ಪ ಸಣ್ಣದಿತ್ತು, ನಾನೂ ಟಿವಿ ನೋಡ್ಕೋತ ಬಿಗಿ ಹೆಣದೆ, ಇಂಚಿಗೆ ಆರು ಬಂದ್ವು. 99ನ್ನ ಆರರಿಂದ ಭಾಗಿಸ್ರಿ, ಹದಿನಾರೂವರಿ. ಒಂದೂವರಿ ಇಂಚು ಎಲ್ಲಿ ಹೋತು ಅಂತ ನನಗ ಗೊತ್ತ ಆಗ್ಲಿಲ್ಲ. ಮೊದಲ ಅಂಗೈಯಷ್ಟು ತುಂಡು ಹೆಣದು ಟೇಪ್ ಇಟ್ಟು ಎಣಸಿದ್ರ ಇದು ಆಗ್ತಿರಲಿಲ್ಲ. ಮೂವತ್ತು ವರ್ಷ ಹೆಣದಾಕಿಗೆ ತುಂಡು ಯಾಕ ಅನ್ನೋ ಸೊಕ್ಕು.

ಎಲ್ಲಾ ಕೂಸೂ ಒಂದ ಅಳತಿ ಇರೂದಿಲ್ಲ. ಎರಡೂವರಿ ಕಿಲೋ ಹುಟ್ಟಿದ್ದು, ಮೂರೂವರಿ ಕಿಲೋ ಹುಟ್ಟಿದ್ದು ಎರಡಕ್ಕೂ "0-3" ಅಂದ್ರ ಹೆಂಗ? ಅದಕ್ಕ ಈಗ ತಿಂಗಳು ಬರದು, ಅದರ ಮುಂದ ಸ್ವೆಟರಿನ ಎದಿ ಸುತ್ತಳತಿ ಇಂಚಿನ್ಯಾಗ ಬರೀತೀನಿ. ಕುಂಚಗಿ ಬ್ಯಾರೆ. ಹುಟ್ಟಿದ ಕೂಸಿನ ತಲಿ ಎದಿಕಿಂತ ಸ್ವಲ್ಪ ದೊಡ್ಡದಿರ್ತದ, ಒಂದು ವರ್ಷದ ಹೊತ್ತಿಗೆ ಎರಡೂ ಸರಿ ಆಗ್ತಾವ. ಹಂಗಾಗಿ ತಲಿಮ್ಯಾಲಿಂದ ಹಾಕೋ ಸ್ವೆಟರ್ ನಾನು ಸಣ್ಣ ಕೂಸಿಗೆ ಹೆಣಿಯೋದ ಬಿಟ್ಟೀನಿ, ಮುಂದ ಗುಂಡಿ ಇದ್ದದ್ದ ಛಲೋ. ಮತ್ತ ಇನ್ನೊಂದು: ಕೂಸು ಜ್ಯೇಷ್ಠದಾಗ ಹುಟ್ಟೋದಿದ್ರ, ಥಂಡಿ ಬರೋ ಹೊತ್ತಿಗೆ ಅದಕ್ಕ ಆರು ತಿಂಗಳು. ಆಗ 0-3 ಹೆಣದು ಏನ ಮಾಡೋದು?

ಉಳಿದದ್ದು "ಭಾಳ ಮೆತ್ತಗದಾವ". ಕೈಯಿಂದ ಮುಟ್ಟಿ ಹೇಳಿದ್ದೆ. ರೊಟ್ಟಿ ಬಡದು ಬಡದು ಕಾಯಿಗಟ್ಟಿದ ನಮ್ಮ ಕೈಗೆ ಎಲ್ಲಾನೂ ಮೆತ್ತಗ. ನಮ್ಮ ಸೊಸಿ ಹೇಳಿದ್ಲು, "ಅತ್ಯಾ, ಕಿವಿ ಕೆಳಗ ಕುತ್ತಿಗಿಗೆ ಹಚ್ಚಿ ಇಟ್ಕೊಂಡು ಕೂಡ್ರಿ." ಉಳಿದಿದ್ದ ಶಿಮ್ಲಾದ ದಾರ ಕುತ್ತಿಗಿಗೆ ಸುತ್ತಿಕೊಂಡು ಬ್ಯಾಳಿ ಆರಸ್ಲಿಕ್ಕೆ ಕೂತೆ. ಐದು ನಿಮಿಷಕ್ಕ ತುರಸ್ಲಿಕ್ಕೆ ಶುರುವಾತು. ಅಂಥಾದ್ದರ ಕುಂಚಗಿ ನಾನು ಆ ಕೂಸಿನ ಗದ್ದದ ಕೆಳಗ ಕಟ್ಟಿಸಿದ್ನಲ್ಲಾ ಅಂತ ಹೊಟ್ಟಿ ಚುರ್ ಅಂತು. ಕಾಲುಚೀಲದ ಒಳಗೂ ಕೈ ತಿರಿವಿ ನೋಡ್ರಿ. ಬಣ್ಣ ಬದಲಿಸಿದಲ್ಲೆ ಸಡಲ ದಾರ ಬಿಟ್ಟಿದ್ರ ಕೂಸಿನ ಬೆರಳಿಗೆ ಸುತ್ತಿ ಬಿಗಿತದ, ಅಳೋದು ಯಾಕ ಅಂತ ತಿಳಿಯೂದಿಲ್ಲ, ತಗದು ನೋಡೋ ತನಕ ಬೆರಳು ಕೆಂಪಗಾಗಿ ಬಾತಿರ್ತದ. ಅದಕ್ಕ ಕೂಸಿನ ಕೈಚೀಲ, ಕಾಲುಚೀಲಕ್ಕ ಕ್ರೋಶಾದ ತೂತಿನ ಡಿಜೈನ್ ಹಾಕೂದಿಲ್ಲ.

ಈಗ ಸೊಸಿ ನಾ ಹೆಣದದ್ದರ ಫೋಟೋ ಹಾಕಿ ಮಾರ್ತಾಳ. ಫೋಟೋ ಕೆಳಗಿನ ಸಾಲು ನಾನ ಬರೀಬೇಕು ಅಂತ ಹಟ ಹಿಡದೀನಿ. ಮೊನ್ನೆ ಬರದದ್ದು ಇದು:

"ಹಳದಿ ಸ್ವೆಟರ್, ಕುಂಚಗಿ. ಪೂರಾ ಆಕ್ರಿಲಿಕ್, ಉಣ್ಣಿ ಇಲ್ಲ. 3-6 ತಿಂಗಳು, ಸ್ವೆಟರಿನ ಎದಿ ಸುತ್ತ 19 ಇಂಚು, ಕೂಸಿನ ಎದಿ 17 ಇಂಚು ಆಗೋ ತನಕ ಹಿಡೀತದ. ಕುತ್ತಿಗಿಗೆ ಹಚ್ಚಿ ನೋಡೀನಿ, ಚುಚ್ಚೂದಿಲ್ಲ; ಆದ್ರೂ ಒಳಗ ಹತ್ತಿ ಝಬಲಾ ಹಾಕ್ರಿ. ಒಮ್ಮೆ ತೊಳದು ಕೊಟ್ಟೀನಿ, ಬಣ್ಣ ಬಿಟ್ಟಿಲ್ಲ. ತಣ್ಣೀರು, ಇಸ್ತ್ರಿ ಬ್ಯಾಡ. ಕೆಂಡ, ಲೋಬಾನ, ದೀಪದ ಹತ್ರ ಹಾಕಬ್ಯಾಡ್ರಿ. ಕುಂಚಗಿ ಕಟ್ಟಿ ಮಲಗಿಸಬ್ಯಾಡ್ರಿ."

"ಇಷ್ಟ ಬ್ಯಾಡ ಬ್ಯಾಡ ಬರದ್ರ ಯಾರು ತಗೋತಾರ ಅತ್ಯಾ?" ಅಂದ್ಲು. ಎರಡು ದಿನಕ್ಕ ಹೋತು ಅದು.

ಅಕ್ಕನ ಮಗಳಿಗೆ ಹಸರಿಂದು ಬದಲಿ ಹೆಣದು ಕೊಟ್ಟೆ, ತುಂಡು ಹೆಣದು ಅಳದನ. ಹಾಲಿನ ಬಣ್ಣದ್ದು ವಾಪಸ್ ಕೇಳಿದ್ರ ಕೊಡ್ಲಿಲ್ಲ ಆಕಿ. ಹಂಗ ಗಟ್ಟಿಯಾದ ಉಣ್ಣಿ ಕತ್ತರಿಸಿದ್ರೂ ದಾರ ಬಿಚ್ಚಿಕೊಳ್ಳೂದಿಲ್ಲ ನೋಡ್ರಿ. ಅದರ ಬೆನ್ನಿನ ತುಂಡು ಕತ್ತರಿಸಿ, ಕೂಸಿನ ಕಾಲುಚೀಲದ ಕೆಳಗ ಅಟ್ಟಿ ಮಾಡಿ ಹೊಲದಾಳ. ಈಗ ಅದು ಅದನ್ನ ಹಾಕೊಂಡು ಗ್ವಾಡಿ ಹಿಡದು ನಿಂದರ್ತದ.